ಲೀಸ್ ಸೈಟಿನ ಪೌತಿ ವರ್ಗಾವಣೆ ಅಂದ್ರೆ ಏನು?

‘ಪೌತಿ’ ಅರಬಿ ಮೂಲದ ಮಾತು. ಸಾವು ಅಂತ ಅರ್ಥ. ನಮ್ಮ ಕಡೆ ಜಮೀನಿನ ಪೌತಿ ಖಾತೆ ಎಲ್ಲರಿಗೂ ಗೊತ್ತು. ಅಪ್ಪ ತೀರಿಕೊಂಡ ಮೇಲೆ ಪಹಣಿಯಲ್ಲಿ ಮಕ್ಕಳ ಹೆಸರು ಬರುತ್ತದೆ. ಆದರೆ ನಗರಾಭಿವೃದ್ಧಿ ಪ್ರಾಧಿಕಾರ ಹಂಚಿದ ಸೈಟು ಇನ್ನೂ ಲೀಸಿನಲ್ಲೇ ಇದ್ದರೆ ಇದೇ ಪದ ಸ್ವಲ್ಪ ಬೇರೆ ಕೆಲಸ ಮಾಡುತ್ತದೆ.

ಪ್ರಾಧಿಕಾರ ಸೈಟು ಹಂಚಿದ ಕೂಡಲೇ ಕ್ರಯಪತ್ರ ಮಾಡಿಕೊಡುವುದು ಕಡಿಮೆ. ಹೆಚ್ಚಾಗಿ ಮೊದಲು ‘ಲೀಸ್ ಕಂ ಸೇಲ್’ ಕರಾರು ಆಗುತ್ತದೆ. ಹಣ ಪೂರ್ತಿ ಕಟ್ಟಿ, ಷರತ್ತಿನಂತೆ ನಡೆದುಕೊಂಡು, ಕರಾರಿನ ಅವಧಿ (ಹಳೆಯ ಕರಾರುಗಳಲ್ಲಿ ಹೆಚ್ಚಾಗಿ 10 ವರ್ಷ) ಮುಗಿದ ಮೇಲೆ ಕ್ರಯಪತ್ರ. ಅಲ್ಲಿಯವರೆಗೆ ಮಾಲೀಕ ಪ್ರಾಧಿಕಾರವೇ. ಸೈಟು ಪಡೆದವರು ನಡುವೆ ತೀರಿಕೊಂಡರೆ ವಾರಸುದಾರರ ಕೈಗೆ ಬರುವುದು ಆ ಕರಾರಿನ ಹಕ್ಕು. ಅದನ್ನು ಪ್ರಾಧಿಕಾರದ ದಾಖಲೆಯಲ್ಲಿ ವಾರಸುದಾರರ ಹೆಸರಿಗೆ ಮಾಡಿಸಿಕೊಳ್ಳುವುದೇ ಪೌತಿ ವರ್ಗಾವಣೆ. ಬಾಕಿ ಕಂತು ಇದ್ದರೆ ಅದೂ ಬರುತ್ತದೆ, ಮನೆ ಕಟ್ಟಬೇಕೆಂಬ ಷರತ್ತೂ ಬರುತ್ತದೆ. ಲೀಸ್ ಅವಧಿಯಲ್ಲಿ ಮಾರಬಾರದು ಅಂತ ಕರಾರಿನಲ್ಲಿ ಇರುತ್ತದಲ್ವಾ, ಅದನ್ನು ನೋಡಿ ಹೆದರುವವರಿದ್ದಾರೆ. ಸಾವಿನಿಂದ ಹಕ್ಕು ಇಳಿದು ಬರುವುದು ಮಾರಾಟ ಅಲ್ಲ.

ಹಾಗಾಗಿ ಮೊದಲು ಹೋಗಬೇಕಾದ್ದು ಪ್ರಾಧಿಕಾರದ ಕಚೇರಿಗೆ. ಅರ್ಜಿಯ ಜೊತೆ ಮರಣ ಪತ್ರ, ವಂಶವೃಕ್ಷ, ಮೂಲ ಹಂಚಿಕೆ ಪತ್ರ, ಕರಾರು, ಸ್ವಾಧೀನ ಪತ್ರ, ಹಣ ಕಟ್ಟಿದ ರಸೀದಿಗಳು ಬೇಕಾಗುತ್ತವೆ. ವಾರಸುದಾರರ ಪ್ರಮಾಣಪತ್ರ, ಮುಂದೆ ತಕರಾರು ಬಂದರೆ ನಷ್ಟ ನಾವೇ ತುಂಬಿಕೊಡುತ್ತೇವೆ ಎಂಬ ಇಂಡೆಮ್ನಿಟಿ ಬಾಂಡ್ ಕೂಡ ಕೇಳುತ್ತಾರೆ. ಕಾಗದ ಹೊಂದಿಸುವುದು ಓಡಾಟದ ಕೆಲಸ, ಅಷ್ಟೇ. ನಿಜವಾದ ಕಗ್ಗಂಟು ಇರುವುದು ವಂಶವೃಕ್ಷದಲ್ಲಿ.

ಕಾರವಾರದ ಒಬ್ಬರ ಕೇಸು ಹೇಳುತ್ತೇನೆ. ನಾನು ಅರ್ಜಿ, ಪತ್ರ ಬರೆದುಕೊಡುವವನು, ಕಾಗದ ನನ್ನ ಮೇಜಿಗೇ ಬಂದಿತ್ತು. ಮೂವತ್ತು–ನಲವತ್ತರ ಸೈಟು. ಕರಾರಾಗಿ ಏಳನೇ ವರ್ಷಕ್ಕೆ ಯಜಮಾನರು ಹೋದರು. ಉಯಿಲು ಬರೆದಿರಲಿಲ್ಲ. ಮಗ ಗೋವಾದಲ್ಲಿ ಕೆಲಸಕ್ಕಿದ್ದ, ಮಗಳನ್ನು ಶಿರಸಿಗೆ ಕೊಟ್ಟಿತ್ತು. ವಂಶವೃಕ್ಷದಲ್ಲಿ ಮೇಲೆ ತೀರಿಕೊಂಡವರ ಹೆಸರು, ಕೆಳಗೆ ಹೆಂಡತಿ, ಮಗ, ಮಗಳು. ನೋಡಲಿಕ್ಕೆ ಸರಿಯಾಗಿಯೇ ಇತ್ತು.

‘ಅಜ್ಜಿ ಇದ್ದಾರಾ?’ ಅಂತ ಕೇಳಿದೆ.

‘ಇದ್ದಾರೆ, ಅಂಕೋಲೆಯಲ್ಲಿ ಕಾಕನ ಮನೆಯಲ್ಲಿ. ಅವರಿಗೇನು ಸಂಬಂಧ?’ ಅಂದ ಮಗ.

ಸಂಬಂಧ ಇದೆ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲಿ ಗಂಡಸು ಉಯಿಲು ಇಲ್ಲದೆ ತೀರಿಕೊಂಡರೆ ಹೆಂಡತಿ, ಮಕ್ಕಳ ಜೊತೆ ತಾಯಿಯೂ ಮೊದಲ ಸಾಲಿನ ವಾರಸುದಾರಳು. (ಕ್ರಿಶ್ಚಿಯನ್, ಮುಸ್ಲಿಂ ಮನೆಗಳಲ್ಲಿ ಲೆಕ್ಕ ಬೇರೆ.) ಇಲ್ಲಿ ನಾಲ್ಕು ಜನ, ತಲಾ ನಾಲ್ಕನೇ ಒಂದು ಪಾಲು. ಮದುವೆಯಾದ ಮಗಳದ್ದೂ ಅಷ್ಟೇ ಪಾಲು. ತೀರಿಕೊಂಡವರಿಂದ ಕೆಳಕ್ಕೆ ಮಾತ್ರ ಗೆರೆ ಎಳೆದರೆ ತಾಯಿಗೆ ಅಲ್ಲಿ ಜಾಗವೇ ಇರುವುದಿಲ್ಲ. ಸುಳ್ಳು ಹೇಳಬೇಕು ಅಂತ ಯಾರೂ ಬಿಟ್ಟಿದ್ದಲ್ಲ, ಚಿತ್ರವೇ ಹಾಗಿರುತ್ತದೆ.

‘ಅಜ್ಜಿಗೆ ಎಂಬತ್ನಾಲ್ಕು, ಸ್ವಲ್ಪ ದಿನ ಸುಮ್ನೆ ಇದ್ದರಾಯ್ತು’ ಅಂದರು ಜೊತೆಗೆ ಬಂದಿದ್ದ ಒಬ್ಬರು. ಕೇಳಲಿಕ್ಕೆ ಕಷ್ಟದ ಮಾತು, ಲೆಕ್ಕವೂ ತಪ್ಪು. ಮಗ ಸತ್ತ ದಿನವೇ ಅಜ್ಜಿಗೆ ಪಾಲು ಬಂದಾಗಿದೆ. ಅವರೂ ಉಯಿಲಿಲ್ಲದೆ ತೀರಿಕೊಂಡರೆ ಆ ಕಾಲು ಭಾಗ ಅವರ ಮಕ್ಕಳಿಗೆ ಹೋಗುತ್ತದೆ. ಅಂಕೋಲೆಯ ಮಗನಿಗೊಂದು, ಹೊನ್ನಾವರದ ಮಗಳಿಗೊಂದು, ತೀರಿಕೊಂಡ ಮಗನ ಮಕ್ಕಳಿಬ್ಬರಿಗೂ ಸೇರಿ ಒಂದು. ಅಂದರೆ ಕಾಕ, ಅತ್ತೆ ಇಬ್ಬರಿಗೂ ಈ ಸೈಟಿನಲ್ಲಿ ಹನ್ನೆರಡನೇ ಒಂದು ಪಾಲು. ಒಂದು ಸಹಿ ಬೇಕಿದ್ದಲ್ಲಿ ಎರಡು ಮನೆಗಳನ್ನು ಒಪ್ಪಿಸಬೇಕು.

ವಂಶವೃಕ್ಷ ಮತ್ತೆ ಮಾಡಿಸಿದರು, ಈ ಸಲ ಅಜ್ಜಿಯ ಹೆಸರು ಸೇರಿಸಿ. ಪ್ರಾಧಿಕಾರದ ದಾಖಲೆಯಲ್ಲಿ ನಾಲ್ವರ ಹೆಸರೂ ಬಂತು. ಅವಧಿ ಹೊಸದಾಗಿ ಎಣಿಸಲಿಲ್ಲ, ಉಳಿದ ಮೂರು ವರ್ಷ ಕಾದರು. ಆಮೇಲೆ ಕ್ರಯಪತ್ರ ನೇರವಾಗಿ ನಾಲ್ವರ ಹೆಸರಿಗೇ ಆಯಿತು.

ಅಜ್ಜಿಗೂ ಮಗಳಿಗೂ ಪಾಲು ಬೇಕಿರಲಿಲ್ಲ. ‘ಛಾಪಾ ಕಾಗದದ ಮೇಲೆ ಒಪ್ಪಿಗೆ ಬರೆಸಿ ನೋಟರಿ ಮಾಡಿಸಿದ್ದೇವಲ್ಲ’ ಅಂದ ಮಗ. ‘ಅವರ ಹೆಸರಿಗಾದರೆ ನಮ್ಮ ತಕರಾರಿಲ್ಲ’ ಎಂಬ ಅಂಥ ಒಪ್ಪಿಗೆ ಕಚೇರಿಯ ಫೈಲಿಗೆ ಆದೀತು, ಅದರಿಂದ ಪಾಲು ಬಿಟ್ಟಂತೆ ಆಗುವುದಿಲ್ಲ. ಅದಕ್ಕೆ ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಾಯಿಸಿದ ಹಕ್ಕು ಬಿಡುಗಡೆ ಪತ್ರವೇ ಬೇಕು. ಮನೆ ಸಾಲಕ್ಕೆ ಹೋದಾಗ ಬ್ಯಾಂಕಿನ ವಕೀಲರು ಮೊದಲು ಹುಡುಕುವುದೂ ಅದನ್ನೇ.

ನೋಂದಣಿಯ ದಿನ ಅಜ್ಜಿಯನ್ನು ರಿಕ್ಷಾದಲ್ಲಿ ಕರೆತಂದಿದ್ದರು. ಯಂತ್ರದ ಮೇಲೆ ಹೆಬ್ಬೆರಳು ಮೂರು ಸಲ ಒತ್ತಿದರೂ ಗುರುತು ಮೂಡಲಿಲ್ಲ, ಅಷ್ಟು ಸವೆದಿತ್ತು. ಸೆರಗಿನಲ್ಲಿ ಒರೆಸಿಕೊಂಡು ನಾಲ್ಕನೇ ಸಲ ಒತ್ತಿದಾಗ ಬಂತು.