ಡ್ರಿಪ್ ಹಾಕಿಸಿದರೆ ಹಾಕಿದ ದುಡ್ಡು ವಾಪಸ್ ಬರುತ್ತಾ? ನಾರಾಯಣಪ್ಪನವರ ಒಂದು ಎಕರೆ ಲೆಕ್ಕ

ಶಿಡ್ಲಘಟ್ಟ ತಾಲ್ಲೂಕಿನ ಒಬ್ಬ ರೇಷ್ಮೆ ರೈತರು. ಹೆಸರು ನಾರಾಯಣಪ್ಪ ಅಂತ ಇಟ್ಟುಕೊಳ್ಳೋಣ. ಒಂದು ಎಕರೆ ಹಿಪ್ಪುನೇರಳೆ, ಒಂದು ಎಕರೆ ಮಳೆ ನಂಬಿದ ರಾಗಿ ಹೊಲ, ಒಂದು ಬೋರ್‌ವೆಲ್. ವರ್ಷಕ್ಕೆ ಐದು ಬೆಳೆ ಹುಳು ಸಾಕುತ್ತಾರೆ, ಬೆಳೆಗೆ 150 ಮೊಟ್ಟೆ. ರೇಷ್ಮೆಯವರ ಲೆಕ್ಕದಲ್ಲಿ ಒಂದು ಮೊಟ್ಟೆ ಅಂದರೆ ಒಂದು ಚಿಟ್ಟೆ ಇಟ್ಟ ಮೊಟ್ಟೆಗಳ ಇಡೀ ಗುಂಪು. ಬೇಸಿಗೆ ಬೆಳೆ ಮಾತ್ರ 60 ಮೊಟ್ಟೆಗೆ ಇಳಿಯುತ್ತದೆ, ಸೊಪ್ಪು ಸಾಲೋದಿಲ್ಲ.

ಡಿಸೆಂಬರ್‌ನಲ್ಲಿ ಅವರು ಒಂದು ಕೊಟೇಶನ್ ಹಿಡಿದುಕೊಂಡು ನನ್ನ ಹತ್ತಿರ ಬಂದರು. ಎರಡು ಎಕರೆಗೆ ಡ್ರಿಪ್. ರಾಗಿ ಹೊಲವನ್ನೂ ಹಿಪ್ಪುನೇರಳೆ ಮಾಡಿಬಿಡಿ, ನೀರು ಉಳಿಯುತ್ತೆ, ಆದಾಯ ಡಬಲ್ ಆಗುತ್ತೆ ಅಂತ ಮಾರುವವರು ಹೇಳಿದ್ದರು. ಮಾರ್ಚ್ ಒಳಗೆ ಸಬ್ಸಿಡಿ ಫೈಲ್ ಹೋಗಬೇಕು ಅನ್ನೋ ಅವಸರ ಬೇರೆ.

"ನೀರು ಎಷ್ಟಿದೆ?" ಅಂದೆ.

"ಎರಡಿಂಚು ಬರ್ತದೆ ಸಾರ್."

"ಏಪ್ರಿಲ್‌ನಲ್ಲಿ?"

"ಆಗ ಒಂದೂವರೆ. ಅಷ್ಟೇನೂ ಕಮ್ಮಿ ಆಗಲ್ಲ."

ನಾನು ನೋಡಿದ ಡ್ರಿಪ್ ಲೆಕ್ಕಗಳಲ್ಲಿ ಜಾಸ್ತಿ ಎಡವೋದು ಇಲ್ಲೇ. ಎರಡರಿಂದ ಒಂದೂವರೆಗೆ ಇಳಿದರೆ ಕಾಲು ಭಾಗ ಕಮ್ಮಿ ಅಂತ ಅನ್ನಿಸುತ್ತದೆ, ಅಲ್ವಾ? ಆದರೆ ಬೋರ್ ಕೊರೆಸುವಾಗ ನೀರು ಅಳೆಯೋದು ವಿ ಆಕಾರದ ಕಂಡಿಯಿರುವ ತಗಡಿನಲ್ಲಿ. ಕಂಡಿಯಲ್ಲಿ ನೀರು ಎಷ್ಟು ಎತ್ತರ ನಿಂತಿದೆ ಅನ್ನೋದೇ ಆ ಇಂಚು. ಎತ್ತರ ಏರಿದ ಹಾಗೆ ಕಂಡಿ ಅಗಲವೂ ಆಗುತ್ತದೆ, ನೀರು ನುಗ್ಗುವ ರಭಸವೂ ಹೆಚ್ಚುತ್ತದೆ. ಹಾಗಾಗಿ ಎರಡಿಂಚು ಅಂದರೆ ಗಂಟೆಗೆ ಸುಮಾರು 2,900 ಲೀಟರ್, ಒಂದೂವರೆ ಇಂಚು ಅಂದರೆ ಬರೀ 1,400 ಲೀಟರ್. ಅರ್ಧ ನೀರೇ ಹೋಯಿತು!

ಅವರು ನಂಬಲಿಲ್ಲ. ನಂಬೋದೂ ಬೇಡ, ಅಳೆದು ನೋಡಿ ಅಂದೆ. 200 ಲೀಟರ್ ಡ್ರಮ್ಮು, ಮೊಬೈಲಿನ ಗಡಿಯಾರ, ಇಷ್ಟು ಸಾಕು. ಮೋಟಾರ್ ಹಾಕಿದ ತಕ್ಷಣ ಒಂದು ಸಲ, ಕರೆಂಟು ಹೋಗೋ ಮುಂಚಿನ ಕೊನೇ ಗಂಟೆಯಲ್ಲಿ ಇನ್ನೊಂದು ಸಲ ಅಳೆಯಬೇಕು. ರಾತ್ರಿಯೆಲ್ಲಾ ಬೋರಿನಲ್ಲಿ ಸೇರಿಕೊಂಡ ನೀರು ಮೊದಲ ಗಂಟೆ ಜೋರಾಗಿ ಬರುತ್ತದೆ, ಅದನ್ನು ನಂಬಬಾರದು. ಡಿಸೆಂಬರ್‌ನಲ್ಲಿ ಡ್ರಮ್ಮು ತುಂಬೋಕೆ ನಾಲ್ಕು ನಿಮಿಷ ಚಿಲ್ಲರೆ ಹಿಡಿಯಿತು. ಏಪ್ರಿಲ್ ತನಕ ಕಾಯಿರಿ, ಆಗಲೂ ಅಳೆದು ಬನ್ನಿ ಅಂತ ಕಳಿಸಿದೆ. ಅವರಿಗೆ ಸ್ವಲ್ಪ ಬೇಜಾರಾಯಿತು. ಕೊಟೇಶನ್ ಕೊಟ್ಟವರಿಗೆ ಇನ್ನೂ ಜಾಸ್ತಿ ಆಗಿರಬೇಕು.

ಏಪ್ರಿಲ್‌ನಲ್ಲಿ ಫೋನ್ ಬಂತು. ಕೊನೇ ಗಂಟೆಯಲ್ಲಿ ಡ್ರಮ್ಮು ತುಂಬೋಕೆ ಎಂಟೂವರೆ ನಿಮಿಷ. ಆದರೆ ಒಂದು ಸಮಾಧಾನ. ನೀರು ಮಧ್ಯೆ ಎಲ್ಲೂ ನಿಲ್ಲಲಿಲ್ಲ, ಬೋರು ಗ್ಯಾಪ್ ಕೊಡಲಿಲ್ಲ. ಗ್ಯಾಪ್ ಕೊಡುವ ಬೋರನ್ನು ನೇರವಾಗಿ ಡ್ರಿಪ್‌ಗೆ ಕೊಡೋಕೆ ಬರೋದಿಲ್ಲ. ಪೈಪಿನೊಳಗೆ ಗಾಳಿ ಸೇರುತ್ತದೆ. ನೀರು ನಿಂತಾಗ ಪೈಪು ಹಿಂದಕ್ಕೆ ಎಳೆದು ತೂತಿನಿಂದ ಮಣ್ಣು ಹೀರಿಕೊಳ್ಳುತ್ತದೆ. ಅಂಥವರು ನೀರನ್ನು ತೊಟ್ಟಿಗೆ ತುಂಬಿಸಿ ಇನ್ನೊಂದು ಸಣ್ಣ ಮೋಟಾರಿನಿಂದ ಡ್ರಿಪ್‌ಗೆ ಬಿಡಬೇಕು. ತೊಟ್ಟಿ, ಮೋಟಾರಿನ ಖರ್ಚು ಸಾಮಾನ್ಯವಾಗಿ ಕೊಟೇಶನ್‌ನಲ್ಲಿ ಇರೋದಿಲ್ಲ.

ಈಗ ಲೆಕ್ಕಕ್ಕೆ ಬರೋಣ. ತ್ರೀ ಫೇಸ್ ಕರೆಂಟು ದಿನಕ್ಕೆ ಏಳು ಗಂಟೆ ಅಂತ ಹಿಡಿದರೆ, ಡಿಸೆಂಬರ್‌ನಲ್ಲಿ ದಿನಕ್ಕೆ 20,000 ಲೀಟರ್ ಸಿಗುತ್ತದೆ, ಏಪ್ರಿಲ್‌ನಲ್ಲಿ 9,800. ಒಂದು ಎಕರೆ ಹಿಪ್ಪುನೇರಳೆಗೆ ಸಾಲಿನಲ್ಲಿ ನೀರು ಕಟ್ಟಿದರೆ ದಿನದ ಸರಾಸರಿ 19,000 ಲೀಟರ್ ಬೇಕು. ಡ್ರಿಪ್‌ನಲ್ಲಿ ಅದು ಸುಮಾರು 11,500ಕ್ಕೆ ಇಳಿಯುತ್ತದೆ. ಅಂದರೆ ಏಪ್ರಿಲ್ ನೀರಿನಲ್ಲಿ ಸಾಲು ಕಟ್ಟಿದರೆ ಅರ್ಧ ಎಕರೆ ಹಸಿರಾಗಿರುತ್ತದೆ. ನಾರಾಯಣಪ್ಪನವರು 60 ಮೊಟ್ಟೆಗೆ ಇಳಿಯುತ್ತಿದ್ದದ್ದು ಸುಮ್ನೆ ಅಲ್ಲ. ಡ್ರಿಪ್ ಹಾಕಿದರೆ ಅದೇ ನೀರು ಎಕರೆಯಲ್ಲಿ ಶೇಕಡಾ 85 ಭಾಗಕ್ಕೆ ಸಾಕು, ಮೊಟ್ಟೆ 130ರ ತನಕ ಏರಿಸಬಹುದು.

ಎರಡು ಎಕರೆ? ಡಿಸೆಂಬರ್ ನೀರಿಗೇ ಪೂರ್ತಿ ಸಾಲೋದಿಲ್ಲ. ಏಪ್ರಿಲ್‌ನಲ್ಲಿ ಎರಡೂ ತೋಟ ಒಟ್ಟಿಗೆ ಬಾಡುತ್ತವೆ. ಹುಳು ನಾಲ್ಕನೇ ಜ್ವರ, ಅಂದರೆ ಕೊನೇ ಸಲ ಪೊರೆ ಬಿಡೋದು, ಮುಗಿಸಿ ಎದ್ದ ಮೇಲೆ ಇಡೀ ಬೆಳೆಯ ಸೊಪ್ಪಿನಲ್ಲಿ ಮುಕ್ಕಾಲು ಪಾಲಿಗಿಂತ ಜಾಸ್ತಿ ಆ ಕೊನೇ ವಾರದಲ್ಲೇ ತಿನ್ನುತ್ತದೆ. ಆಗ ಸೊಪ್ಪು ಒಣಕಲಾಗಿದ್ದರೆ ಗೂಡು ಹಗುರಾಗುತ್ತದೆ. ಸೊಪ್ಪು ಸಾಲದೇ ಹೋದರೆ ಹುಳುವನ್ನೇ ಎಸೆಯಬೇಕಾಗುತ್ತದೆ.

ಕೊಟೇಶನ್‌ನಲ್ಲಿ ಇನ್ನೊಂದು ತೊಡಕಿತ್ತು. ಗಂಟೆಗೆ ನಾಲ್ಕು ಲೀಟರ್ ಬಿಡುವ ಇನ್‌ಲೈನ್ ಪೈಪು, ಎರಡು ಅಡಿಗೆ ಒಂದು ತೂತು, ಎಕರೆಗೆ ನಾಲ್ಕು ಗೇಟ್ ವಾಲ್ವ್ ಅಂತ ಬರೆದಿದ್ದರು. ಅವರದ್ದು ಜೋಡಿ ಸಾಲಿನ ತೋಟ, ಎಂಟು ಅಡಿಗೆ ಒಂದು ಪೈಪು ಸಾಕು. ಎಕರೆಗೆ ಸುಮಾರು 1,700 ಮೀಟರ್ ಪೈಪು, 2,800 ತೂತು. (ಹಳೇ ಮೂರು ಅಡಿ ಸಾಲಿನ ತೋಟವಾಗಿದ್ದರೆ ಪೈಪೇ ಎರಡೂವರೆ ಪಟ್ಟು ಜಾಸ್ತಿ ಬೇಕಿತ್ತು. ಪಕ್ಕದ ತೋಟದವರ ಖರ್ಚು ಕೇಳಿ ನಮ್ಮದನ್ನು ಅಂದಾಜು ಮಾಡಬಾರದು ಅನ್ನೋದು ಇದಕ್ಕೇ.) ನಾಲ್ಕು ಲೀಟರ್ ಪೈಪಾದರೆ ಒಂದು ಗೇಟಿಗೆ, ಅಂದರೆ ಕಾಲು ಎಕರೆಯ 700 ತೂತಿಗೆ, ಗಂಟೆಗೆ 2,800 ಲೀಟರ್ ಬೇಕು. ಡಿಸೆಂಬರ್‌ನಲ್ಲಿ ಸರಿಯಾಗಿ ಓಡುತ್ತದೆ. ಏಪ್ರಿಲ್‌ನಲ್ಲಿ ಬೋರು ಅದರ ಅರ್ಧ ಕೊಡುತ್ತದೆ, ಪ್ರೆಶರ್ ಬರೋದೇ ಇಲ್ಲ. ವಾಲ್ವ್ ಹತ್ತಿರದ ಗಿಡಕ್ಕೆ ನೀರು, ಸಾಲಿನ ಕೊನೆಯ ಗಿಡಕ್ಕೆ ಬರೀ ತೇವ. ಡ್ರಿಪ್ ಹಾಕಿಸಿದ ಮೊದಲ ಬೇಸಿಗೆಯಲ್ಲೇ ಪೈಪು ಎತ್ತಿಟ್ಟು ಮತ್ತೆ ಸಾಲಿಗೆ ನೀರು ಬಿಡುವ ತೋಟಗಳನ್ನು ನೋಡುತ್ತಿರುತ್ತೇನೆ. ಕಾರಣ ಹುಡುಕಿದರೆ ಹೆಚ್ಚಿನ ಕಡೆ ಇದೇ ಸಿಗುತ್ತದೆ.

ದಾರಿ ಸುಲಭ. ಅದೇ ಅಂತರದಲ್ಲಿ ಎರಡು ಲೀಟರ್ ಪೈಪು ಹಾಕಿದರೆ ಒಂದು ಗೇಟಿಗೆ 1,400 ಲೀಟರ್ ಸಾಕು, ಏಪ್ರಿಲ್ ಬೋರಿಗೆ ಸರಿಹೊಂದುತ್ತದೆ. ಮಳೆ ಮುಗಿದ ಮೇಲೆ ನೀರು ಹೆಚ್ಚಿದಾಗ ಎರಡು ಗೇಟು ಒಟ್ಟಿಗೆ ತೆಗೆದರಾಯಿತು. ಪೈಪಿನ ಉದ್ದ ಅಷ್ಟೇ ಇರೋದರಿಂದ ಖರ್ಚಿನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇಲ್ಲ. ಒಂದೇ ತೊಂದರೆ, ಸಣ್ಣ ದಾರಿಯ ತೂತು ಬೇಗ ಕಟ್ಟಿಕೊಳ್ಳುತ್ತದೆ.

ಅಲ್ಲಿಗೆ ಅವರ ಹೆಂಡತಿ ರತ್ನಮ್ಮ ಕೇಳಿದರು: "ನಮ್ಮ ನೀರು ಕಾಯಿಸಿದ್ರೆ ಪಾತ್ರೆ ತಳದಲ್ಲಿ ಸುಣ್ಣ ಕೂರ್ತದೆ ಸಾರ್. ಪೈಪಲ್ಲೂ ಕೂರಲ್ವಾ?"

ಕೂರುತ್ತದೆ. ಮರಳು ಹಿಡಿಯೋಕೆ ಫಿಲ್ಟರ್ ಇದೆ, ಆದರೆ ನೀರಿನಲ್ಲಿ ಕರಗಿದ ಸುಣ್ಣವನ್ನು ಯಾವ ಜರಡಿಯೂ ಹಿಡಿಯೋದಿಲ್ಲ. ಅದಕ್ಕೆ ಆಗಾಗ ಆಸಿಡ್ ಬಿಡಬೇಕು. ಹೈಡ್ರೋಕ್ಲೋರಿಕ್ ಆಸಿಡ್ಡನ್ನು ವೆಂಚುರಿ ಮೂಲಕ, ಅಂದರೆ ಹರಿಯುವ ನೀರಿನ ರಭಸದಲ್ಲೇ ದ್ರಾವಣ ಒಳಗೆಳೆದುಕೊಳ್ಳುವ ಕೊಳವೆಯಿಂದ, ಎಳೆಸಿ, ಸಾಲಿನ ಕೊನೆಯಲ್ಲಿ ಬರುವ ನೀರಿನ ಪಿಎಚ್ ನಾಲ್ಕರ ಹತ್ತಿರ ಬಂದಾಗ ಮೋಟಾರ್ ನಿಲ್ಲಿಸಬೇಕು. ಒಂದು ದಿನ ಹಾಗೇ ಬಿಟ್ಟು, ಆಮೇಲೆ ಕೊನೆಯ ಮುಚ್ಚಳ ತೆಗೆದು ಚೆನ್ನಾಗಿ ನೀರು ಹರಿಸಬೇಕು. ಬಕೆಟ್ಟಿನಲ್ಲಿ ಮೊದಲು ನೀರು, ಆಮೇಲೆ ಆಸಿಡ್. ಉಲ್ಟಾ ಮಾಡಿದರೆ ಮುಖಕ್ಕೆ ಸಿಡಿಯುತ್ತದೆ. ಕೈಗೆ ಗ್ಲೌಸ್, ಕಣ್ಣಿಗೆ ಕನ್ನಡಕ ಬೇಕೇ ಬೇಕು.

ಯಾವಾಗ ಮಾಡಬೇಕು ಅಂತ ಕ್ಯಾಲೆಂಡರ್ ನೋಡೋದಕ್ಕಿಂತ ಲೋಟ ನೋಡೋದು ಒಳ್ಳೇದು. ಒಂದೇ ಸಾಲಿನ ಮೊದಲ ತೂತಿನ ಕೆಳಗೊಂದು, ಕೊನೇ ತೂತಿನ ಕೆಳಗೊಂದು ಲೋಟ ಇಟ್ಟು ಕಾಲು ಗಂಟೆ ಬಿಡಿ. ಎರಡು ಲೀಟರ್ ಪೈಪಾದರೆ ಅರ್ಧ ಲೀಟರ್ ಬರಬೇಕು. ಕೊನೇ ಲೋಟದಲ್ಲಿ ಹತ್ತನೇ ಒಂದು ಭಾಗ ಕಮ್ಮಿ ಬಂದರೆ ಚಿಂತೆಯಿಲ್ಲ. ಕಾಲು ಭಾಗ ಕಮ್ಮಿಯಾದರೆ ಕಟ್ಟಿಕೊಳ್ಳುತ್ತಿದೆ ಅಂತ ಅರ್ಥ. ಗಿಡ ಬಾಡಿ ತೋರಿಸುವ ತನಕ ಕಾದರೆ ಆಸಿಡ್ಡಿಗೂ ಬಗ್ಗೋದಿಲ್ಲ.

ಇನ್ನು ದುಡ್ಡು. ಒಂದು ಎಕರೆಗೆ ತಿದ್ದಿದ ಕೊಟೇಶನ್ 54,000 ರೂಪಾಯಿ. ಲಾಭದ ಕಡೆ ನಾರಾಯಣಪ್ಪನವರು ಮೊದಲು ಕರೆಂಟು ಉಳಿತಾಯ ಬರೆದಿದ್ದರು, ಹೊಡೆದು ಹಾಕಿಸಿದೆ. ನಮ್ಮ ರಾಜ್ಯದಲ್ಲಿ 10 ಎಚ್‌ಪಿ ತನಕದ ಪಂಪ್‌ಸೆಟ್ಟಿಗೆ ಕರೆಂಟು ಉಚಿತ, ರೈತರ ಜೇಬಿಗೆ ಅದರಿಂದ ಏನೂ ಬರೋದಿಲ್ಲ. ಉಳಿದ ನೀರಿಗೂ ಅದಾಗೇ ಬೆಲೆಯಿಲ್ಲ. ಅದು ಸೊಪ್ಪಾಗಿ, ಸೊಪ್ಪು ಗೂಡಾದರೆ ಮಾತ್ರ ದುಡ್ಡು.

ಬೇಸಿಗೆ ಬೆಳೆಯಲ್ಲಿ 70 ಮೊಟ್ಟೆ ಜಾಸ್ತಿ. ಬಿಸಿಲುಗಾಲ ಅಂತ ನೂರು ಮೊಟ್ಟೆಗೆ 65 ಕೆಜಿ ಮಾತ್ರ ಹಿಡಿದೆವು, ಸುಮಾರು 45 ಕೆಜಿ ಗೂಡಾಯಿತು. ಕೆಜಿಗೆ 450 ರೂಪಾಯಿಯಂತೆ 20,000 ಚಿಲ್ಲರೆ. ಅದರಲ್ಲಿ ಕೊಂಡು ತರುವ ಚಾಕಿ ಮರಿ ಹುಳು, ಔಷಧಿ, ಕೂಲಿ, ಮಾರ್ಕೆಟ್ಟಿಗೆ ಸಾಗಿಸೋದು ಅಂತ 6,500 ಕಳೆಯಿರಿ. ಸಾಲಿನ ಮಧ್ಯೆ ನೆಲ ಒಣಗಿರೋದರಿಂದ ಕಳೆ ಕೂಲಿ ವರ್ಷಕ್ಕೆ 3,000 ಉಳಿಯುತ್ತದೆ. ಆಸಿಡ್, ಫಿಲ್ಟರ್ ಜಾಲರಿ, ಇಲಿ ಕಡಿದ ಪೈಪಿನ ಜೋಡಣೆಗೆ 2,500 ಹೋಗುತ್ತದೆ. ಕೈಗೆ ನಿಲ್ಲೋದು ವರ್ಷಕ್ಕೆ 14,000 ಆಸುಪಾಸು. ಗೂಡಿನ ರೇಟು 350ಕ್ಕೆ ಬಿದ್ದರೆ ಇದೇ ಲೆಕ್ಕ 9,500ಕ್ಕೆ ಇಳಿಯುತ್ತದೆ. ರಾತ್ರಿ ಎದ್ದು ಮಡೆ ತಿರುಗಿಸುವ ಕಷ್ಟ ತಪ್ಪುತ್ತದಲ್ಲ, ಅದಕ್ಕೆ ರೇಟು ಕಟ್ಟಲಿಲ್ಲ. ರತ್ನಮ್ಮ ಅದನ್ನೇ ಮೊದಲು ಬರೆಯಬೇಕಿತ್ತು ಅಂದರು.

ಹಾಗಾದರೆ ಪೂರ್ತಿ ಕೈಯಿಂದ ಹಾಕಿದರೆ ನಾಲ್ಕು ವರ್ಷ, ಕೆಟ್ಟ ರೇಟಿನಲ್ಲಿ ಐದೂವರೆ, ಆರು ವರ್ಷ. ಚೆನ್ನಾಗಿ ನೋಡಿಕೊಂಡರೆ ಪೈಪು ಏಳು ವರ್ಷ ಬಾಳುತ್ತದೆ ಅಂತ ನಾನು ಹಿಡಿಯುತ್ತೇನೆ. ಅಂಚಿನಲ್ಲೇ ಇದೆ, ಸಾಲ ಮಾಡಿ ಹಾಕುವಂಥದ್ದಲ್ಲ. ಸಬ್ಸಿಡಿ ಸೇರಿದರೆ ಮಾತು ಬೇರೆ. ಸಣ್ಣ ರೈತರಿಗೆ ಕೇಂದ್ರದ ಯೋಜನೆಯಲ್ಲಿ ಶೇಕಡಾ 55 ಇದೆ, ಅದರ ಮೇಲೆ ರಾಜ್ಯದ ಪಾಲು ಸೇರುತ್ತದೆ. ಆದರೆ ಅದನ್ನು ಲೆಕ್ಕ ಹಾಕೋದು ಸರ್ಕಾರ ನಿಗದಿ ಮಾಡಿದ ದರದ ಮೇಲೆ, ಕೊಟೇಶನ್ ಮೇಲಲ್ಲ. ಹಿಪ್ಪುನೇರಳೆಗೆ ರೇಷ್ಮೆ ಇಲಾಖೆಯಲ್ಲೇ ವಿಚಾರಿಸಬೇಕು. ಇವರ ಕೈಯಿಂದ ಬೀಳೋದು 16,000 ಅಂತಾಯಿತು. ಒಂದು ವರ್ಷ ಚಿಲ್ಲರೆಯಲ್ಲಿ ವಾಪಸ್, ಕೆಟ್ಟ ರೇಟಿದ್ದರೂ ಎರಡು ವರ್ಷದೊಳಗೆ.

ನಾರಾಯಣಪ್ಪನವರು ಎರಡು ದಿನ ಯೋಚನೆ ಮಾಡಿ ಒಂದೇ ಎಕರೆಗೆ ಅರ್ಜಿ ಹಾಕಿದರು. ಎರಡು ಲೀಟರ್ ಪೈಪು, ನಾಲ್ಕು ಗೇಟು. ಮಂಜೂರಾತಿ ಬರುವ ತನಕ ಅಂಗಡಿಗೆ ಒಂದು ರೂಪಾಯಿ ಮುಂಗಡವನ್ನೂ ಕೊಡಲಿಲ್ಲ. ಇನ್ನೊಂದು ಎಕರೆಗೆ ಆ ವರ್ಷವೂ ರಾಗಿಯನ್ನೇ ಬಿತ್ತಿದರು.