ಫೋಟೊ ಹೋಯ್ತು, ಅಮ್ಮನಿಗೆ ನೆನಪಿದೆ: ತಮಿಳು ಬೋರ್ಡ್ ಓದುವುದು ಹೇಗೆ?

ಪ್ರಶ್ನೆ: ಅಮ್ಮ ಪಳನಿಗೆ ಹೋಗಿದ್ದಾಗ ಬಸ್ ಸ್ಟ್ಯಾಂಡ್ ಹತ್ತಿರ ಒಂದು ತಮಿಳು ಬೋರ್ಡ್ ನೋಡಿದ್ದಾರೆ. ತೆಗೆದ ಫೋಟೊ ಡಿಲೀಟ್ ಆಗಿದೆ. 'ಮೊದ್ಲು ಒಂದು ಸುಳಿ, ಆಮೇಲೆ ಬಾಯಿ ಬಿಟ್ಟಿರೋ ಡಬ್ಬ, ಆಮೇಲೆ ಎರಡು ಬಾಗಿಲ್ವಾಡ, ಎರಡನೇದ್ರ ತಲೆ ಮೇಲೆ ಬೊಟ್ಟು. ಪಕ್ಕದಲ್ಲಿ ಇನ್ನೊಂದು ಉದ್ದನೆ ಪದ' ಅಂತಾರೆ. ಏನದು? (ಮಂಡ್ಯದ ಓದುಗರು)

ಉತ್ತರ: ನಿಮ್ಮಮ್ಮ ನೋಡಿದ್ದನ್ನು ಚೆನ್ನಾಗಿಯೇ ನೋಡಿದ್ದಾರೆ. ಎಡವುವುದು ನಾವು, ಕನ್ನಡದ ಅಭ್ಯಾಸದಿಂದ. ನಮ್ಮಲ್ಲಿ ಎತ್ವ ಅಕ್ಷರದ ತಲೆಗೆ ಅಂಟಿಕೊಳ್ಳುತ್ತದೆ. ತಮಿಳಿನಲ್ಲಿ ಅದು ಬೇರೆಯಾಗಿ, ವ್ಯಂಜನಕ್ಕಿಂತ ಮೊದಲೇ ಎಡಕ್ಕೆ ಕೂರುತ್ತದೆ. ಅದರ ಹೆಸರು 'ಕೊಂಬು'. (ನಮ್ಮ ಕೊಂಬು 'ಕು'ವಿನದು, ಅವರದು 'ಕೆ'ಯದು.) ಹಾಗಾಗಿ ಅಮ್ಮ ಮೊದಲು ಹೇಳಿದ ಸುಳಿಯನ್ನು ಒಂದು ಅಕ್ಷರ ಎಂದು ಎಣಿಸಬೇಡಿ.

ಬಾಗಿಲ್ವಾಡದಂಥ ಗುರುತು 'ಕಾಲ್', ಅಂದರೆ ನಮ್ಮ 'ಕಾ'ದಲ್ಲಿರುವ ದೀರ್ಘ. ಎಡಕ್ಕೆ ಕೊಂಬು, ಬಲಕ್ಕೆ ಕಾಲ್ ಇದ್ದರೆ ನಡುವಿನ ಅಕ್ಷರ ಒ ಅಥವಾ ಓ ಸ್ವರ ಪಡೆಯುತ್ತದೆ. ಕೊಂಬಿನಲ್ಲಿ ಇನ್ನೊಂದು ಸುಳಿ ಇದ್ದರೆ ಓ, ಇಲ್ಲದಿದ್ದರೆ ಒ. ಎರಡನೆಯ ಬಾಗಿಲ್ವಾಡ ಕಾಲ್ ಅಲ್ಲ, 'ರ'. ಬೋರ್ಡಿನ ಬರಹದಲ್ಲಿ ಎರಡೂ ಹೆಚ್ಚುಕಡಿಮೆ ಒಂದೇ ಥರ ಕಾಣುತ್ತವೆ. ತಲೆಯ ಮೇಲಿನ ಬೊಟ್ಟು 'ಪುಳ್ಳಿ'. ಅದು ಸ್ವರ ತೆಗೆದು 'ರ್' ಮಾಡುತ್ತದೆ, ಕಾಲಿನ ಮೇಲೆ ಅದು ಬರುವುದೇ ಇಲ್ಲ.

ಉಳಿದದ್ದು ಡಬ್ಬ. ಬಾಯಿ ಪೂರ್ತಿ ತೆರೆದಿದ್ದರೆ ಪ, ಬಲಗಡೆಯ ಗೋಡೆ ಒಳಕ್ಕೆ ಮಡಿಸಿಕೊಂಡಿದ್ದರೆ ಮ. ಮೊದಲನೆಯದಾದರೆ 'ಪೋರ್', ಯುದ್ಧ. ಎರಡನೆಯದಾದರೆ 'ಮೋರ್', ಮಜ್ಜಿಗೆ. ಬಸ್ ಸ್ಟ್ಯಾಂಡಿನಲ್ಲಿ ಯುದ್ಧ ಮಾರುವವರಿಲ್ಲ, ಆದರೂ ಊಹೆಗಿಂತ ಪುರಾವೆ ಮೇಲು.

ಅಮ್ಮನನ್ನು ಕೇಳಿ: ಉದ್ದ ಪದದ ಕೊನೆಯಲ್ಲಿ ಬೊಟ್ಟಿಟ್ಟ ಡಬ್ಬ ಇತ್ತೇ? ಅದು ಮೊದಲಿನ ಡಬ್ಬದಂತೆಯೇ ಇತ್ತೇ? ಅಚ್ಚ ತಮಿಳು ಪದ 'ಪ್'ನಿಂದ ಮುಗಿಯುವುದಿಲ್ಲ, 'ಮ್'ನಿಂದ ಮುಗಿಯುವುದು ಬಹಳ ಸಾಮಾನ್ಯ. ಎರಡೂ ಒಂದೇ ಅಂದರೆ ಮೊದಲನೆಯದೂ ಮ. ಆ ಉದ್ದ ಪದ 'ಕಿಡೈಕ್ಕುಂ' ಇರಬಹುದು, 'ಸಿಗುತ್ತದೆ' ಎಂದು. ಅದರಲ್ಲಿ ಬೊಟ್ಟು ಎರಡು: ಒಂದು ನಡುವೆ, ಒಂದು ಕೊನೆಗೆ. ಇಡೀ ಬೋರ್ಡಿಗೆ ಮೂರು. ಆದರೆ ಬೊಟ್ಟಿನ ಲೆಕ್ಕವನ್ನು ನೆನಪು ಬೇಗ ಬಿಡುತ್ತದೆ. ಬರೆಯುವವರೂ ಒಮ್ಮೊಮ್ಮೆ ಬಿಡುತ್ತಾರೆ. ಅದೊಂದನ್ನೇ ನಂಬಬೇಡಿ.

ಕೊನೆಗೆ ಪೋರ್, ಮೋರ್ ಎರಡನ್ನೂ ತಮಿಳು ಲಿಪಿಯಲ್ಲಿ ದೊಡ್ಡದಾಗಿ ಬರೆದು, ಅರ್ಥ ಹೇಳದೆ ಅಮ್ಮನ ಮುಂದಿಡಿ. ಬಾಯಲ್ಲಿ ವರ್ಣಿಸುವುದಕ್ಕಿಂತ ಕಣ್ಣಿನಿಂದ ಗುರುತಿಸುವುದು ಸುಲಭ. ಮೊದಲೇ 'ಮಜ್ಜಿಗೆ ಅಲ್ವಾ ಅಮ್ಮ?' ಅಂದುಬಿಟ್ಟರೆ, ಅವರು ಹೂಂ ಅಂದರೂ ಅದಕ್ಕೆ ಬೆಲೆಯಿಲ್ಲ.