ಸರ್ಟಿಫಿಕೇಟ್ ನೋಡಿದ ಮೇಲೆ ಸಲೂನ್ ಓನರ್ ಏನು ನೋಡುತ್ತಾರೆ?

ಕೆಲಸ ಕೇಳಿಕೊಂಡು ಹೋದಾಗ ಓನರ್ ಸರ್ಟಿಫಿಕೇಟ್ ಮೇಲೆ ಸುಮ್ನೆ ಒಮ್ಮೆ ಕಣ್ಣಾಡಿಸಿ, 'ಡಮ್ಮಿ ಮೇಲೆ ಕಲಿತಿರಾ, ಜನರ ತಲೆ ಮೇಲಾ?' ಎಂದು ಕೇಳುತ್ತಾರೆ. ಆಮೇಲೆ ಟ್ರಯಲ್ ಕೊಡುತ್ತಾರೆ. ಕಲಿಕೆಯ ಮಟ್ಟ ಬೇಗ ಬಯಲಾಗುವುದು ಹೇರ್ ಕಲರ್‌ನಲ್ಲಿ. ಹಾಗಾಗಿ ಅದೊಂದನ್ನೇ ನೋಡೋಣ.

ಗ್ರಾಹಕಿಯ ಕೂದಲಿಗೆ ಮೊದಲೇ ಕಪ್ಪು ಡೈ ಹಾಕಿದೆ. ಬುಡದಲ್ಲಿ ಎರಡು ಇಂಚು ಹೊಸ ಕೂದಲು ಬಂದಿದೆ. ಈಗ ತಿಳಿ ಕಂದು ಬಣ್ಣ ಬೇಕಂತೆ. ಅರೆಬರೆ ಕಲಿತವರು ತಿಳಿ ಕಂದು ಕಲರ್‌ಗೆ 30 ವಾಲ್ಯೂಮ್, ಅಂದರೆ 9% ಪೆರಾಕ್ಸೈಡ್ ಇರುವ ಡೆವಲಪರ್ ಬೆರೆಸಿ, ಬುಡದಿಂದ ತುದಿಯವರೆಗೆ ಒಂದೇ ಸಮ ಹಚ್ಚಿಬಿಡುತ್ತಾರೆ. ತೊಳೆದು ನೋಡಿದರೆ ಬುಡ ಕಿತ್ತಳೆ ಕಡೆಗೆ ತಿರುಗಿರುತ್ತದೆ, ಉದ್ದಕ್ಕೂ ಕಪ್ಪು ಹಾಗೇ ಇರುತ್ತದೆ. ಯಾಕೆ? ಇಂಥ ಕಲರ್ ಕೂದಲಿನ ಸಹಜ ಬಣ್ಣವನ್ನು ತಿಳಿ ಮಾಡಬಲ್ಲದು, ಮೊದಲೇ ಕೂತಿರುವ ಡೈಯನ್ನು ಅಷ್ಟಾಗಿ ತೆಗೆಯುವುದಿಲ್ಲ. ಮೇಲಾಗಿ ನೆತ್ತಿಯ ಶಾಖಕ್ಕೆ ಬುಡದಲ್ಲಿ ಬಣ್ಣ ಬೇಗ ಕೆಲಸ ಮಾಡುತ್ತದೆ.

ಚೆನ್ನಾಗಿ ಕಲಿತವರು ಬೌಲ್ ಕೈಗೆತ್ತಿಕೊಳ್ಳುವ ಮುಂಚೆ ಮಾತಾಡಿಸುತ್ತಾರೆ. ಕೊನೆಯ ಸಲ ಡೈ ಹಾಕಿದ್ದು ಯಾವಾಗ? ಮೆಹೆಂದಿ ಹಚ್ಚಿದ್ದೀರಾ? ಮೆಹೆಂದಿ ಪ್ರಶ್ನೆ ಸುಮ್ನೆ ಕೇಳುವುದಲ್ಲ. ಕೆಲವು ಬೆರಕೆ ಪುಡಿಗಳಲ್ಲಿ ಲೋಹದ ಲವಣ ಇರುತ್ತದೆ, ಅದಕ್ಕೆ ಪೆರಾಕ್ಸೈಡ್ ತಾಗಿದರೆ ಕೂದಲು ಬಿಸಿಯಾಗಿ ಹಾಳಾಗಬಹುದು. ಅದಕ್ಕೇ ಕಾಣದ ಜಾಗದಿಂದ ಒಂದು ಸಣ್ಣ ಎಳೆ ಕತ್ತರಿಸಿ ಅದರ ಮೇಲೆ ಸ್ಟ್ರಾಂಡ್ ಟೆಸ್ಟ್ ಮಾಡುತ್ತಾರೆ. ಒದ್ದೆ ಎಳೆಯನ್ನು ಮೆಲ್ಲಗೆ ಎಳೆದೂ ನೋಡುತ್ತಾರೆ. ರಬ್ಬರ್‌ನಂತೆ ಹಿಗ್ಗಿ ಹಿಂದಕ್ಕೆ ಬರದಿದ್ದರೆ ಅಥವಾ ಪಟ್ಟನೆ ತುಂಡಾದರೆ, ಹಳೆಯ ಡೈ ತೆಗೆಯಲು ಹಾಕುವ ಬ್ಲೀಚ್ ತಡೆದುಕೊಳ್ಳುವ ಕೂದಲು ಅದಲ್ಲ. ಅಲರ್ಜಿಗೆ ಬೇರೆ ಪ್ಯಾಚ್ ಟೆಸ್ಟ್ ಇದೆ: ಕಲರ್ ಕಂಪನಿ ಹೇಳಿದ ರೀತಿಯಲ್ಲಿ ಕಿವಿಯ ಹಿಂದೆಯೋ ಮೊಣಕೈ ಒಳಬದಿಯಲ್ಲೋ ಸ್ವಲ್ಪ ಹಚ್ಚಿ, ಸಾಮಾನ್ಯವಾಗಿ 48 ಗಂಟೆ ಕಾಯಬೇಕು. ಅಂದರೆ ಟೆಸ್ಟ್ ಆಗಿರದ ಗ್ರಾಹಕಿಗೆ ಅವತ್ತು ಕಲರ್ ಇಲ್ಲ! 'ಇವತ್ತು ಆಗಲ್ಲ, ಇದು ಒಂದೇ ಸಲಕ್ಕೆ ಮುಗಿಯಲ್ಲ' ಎನ್ನುವ ಅಭ್ಯರ್ಥಿಯನ್ನೇ ಅನುಭವಿ ಓನರ್ ಗುರುತಿಟ್ಟುಕೊಳ್ಳುತ್ತಾರೆ.

ಗ್ರಾಹಕಿಗೆ ವಾಲ್ಯೂಮ್ ಲೆಕ್ಕವೆಲ್ಲ ಗೊತ್ತಿರಲ್ಲ ಅಲ್ವಾ? ನಯವಾದ ಮಾತು, ಹಿತವಾದ ತಲೆ ಮಸಾಜು ಅವರನ್ನು ಅವತ್ತಿನ ಮಟ್ಟಿಗೆ ಖುಷಿಪಡಿಸುತ್ತವೆ. ನನ್ನ ಪ್ರಕಾರ ಅವರ ನಿಜವಾದ ತೀರ್ಮಾನ ಬರುವುದು ಮನೆಯಲ್ಲಿ ನಾಲ್ಕಾರು ಸಲ ತಲೆ ತೊಳೆದ ಮೇಲೆ, ಬಣ್ಣ ಸಮವಾಗಿ ಉಳಿದಿದೆಯೇ, ಕೂದಲು ತುಂಡಾಗುತ್ತಿದೆಯೇ ಎಂದು ಕಂಡಾಗ.

ಹಾಗಾಗಿ ಕೋರ್ಸ್ ಸೇರುವಾಗ ಎಷ್ಟು ತಿಂಗಳು ಎನ್ನುವುದಕ್ಕಿಂತ ಜಾಸ್ತಿ, ಎಷ್ಟು ಜನರ ತಲೆ ಮೇಲೆ ಕೆಲಸ ಕೊಡುತ್ತಾರೆ, ಪರೀಕ್ಷೆಗೆ ಹೊರಗಿನವರು ಬರುತ್ತಾರಾ ಎಂದು ಕೇಳಿ. ಡಮ್ಮಿಗೆ ನೆತ್ತಿಯ ಶಾಖವೂ ಇಲ್ಲ, ಹಳೆಯ ಡೈಯ ಕಥೆಯೂ ಇಲ್ಲ. ಮಾಡಿದ ಪ್ರತಿ ಕೆಲಸವನ್ನೂ ಲಾಗ್‌ಬುಕ್‌ನಲ್ಲಿ ಬರೆದಿಡಿ: ಮೊದಲಿದ್ದ ಬಣ್ಣ, ಬೆರೆಸಿದ ಅಳತೆ, ಇಟ್ಟ ನಿಮಿಷ, ಬಂದ ಫಲಿತಾಂಶ. ಫೋಟೊ ತೆಗೆದರೆ ಮುಂಚಿನದು, ನಂತರದ್ದು ಎರಡೂ ಒಂದೇ ಬೆಳಕಿನಲ್ಲಿರಲಿ, ಫಿಲ್ಟರ್ ಬೇಡ.